ನವೆಂಬರ್ 14ಕ್ಕೆ ಮಕ್ಕಳನ್ನೂ ಕರ್ಕೊಂಡು ಬನ್ನಿ!

ಪುಟಾಣಿಗಳೇ, ಮೊದಲು ನಿಮಗೆ ಹೇಳುತ್ತೇವೆ, ಅಪ್ಪ ಅಮ್ಮನ ಹತ್ರ ಆಮೇಲೆ ಮಾತಾಡೋಣ. ಮಕ್ಕಳ ದಿನಾಚರಣೆಯ ದಿನ ನಮ್ಮ ಅಂಗಡಿಯಲ್ಲಿ ದೊಡ್ಡ ಜಮಖಾನ ಹಾಸಿರುತ್ತೇವೆ. ಬುಗುರಿ, ಗಿಲಕಿ, ಮರದ ರೈಲು, ಅಡುಗೆ ಆಟದ ಸಾಮಾನು ಎಲ್ಲವೂ ಡಬ್ಬಿಯಿಂದ ಹೊರಗೆ! ಮುಟ್ಟಿ, ಉರುಳಿಸಿ, ಗಲಗಲ ಅನ್ನಿಸಿ. "ಏಯ್, ಅಲ್ಲೇ ಇಡು" ಅಂತ ಯಾರೂ ಗದರಿಸುವುದಿಲ್ಲ. ಸಂಜೆ 5ಕ್ಕೆ ಬುಗುರಿ ಪಂದ್ಯ. ಯಾರ ಬುಗುರಿ ಎಲ್ಲರಿಗಿಂತ ಜಾಸ್ತಿ ಹೊತ್ತು ತಿರುಗುತ್ತದೋ ಆ ಜಾಣ ಜಾಣೆಗೆ ಮರದ ರೈಲು ಬಹುಮಾನ. ಸೋತರೂ ಚಿಂತೆಯಿಲ್ಲ, ಬಂದ ಪ್ರತಿ ಮಗುವಿಗೂ ಒಂದು ಚನ್ನಪಟ್ಟಣದ ಬುಗುರಿ ಉಚಿತ.

ಈಗ ಅಪ್ಪ ಅಮ್ಮಂದಿರಿಗೆ. ಏನೂ ಕೊಳ್ಳದೆ ಹೋದರೂ ಆ ಬುಗುರಿ ನಿಮ್ಮ ಮಗುವಿನದೇ, ಸಂಕೋಚ ಬೇಡ.

ಆಟಿಕೆ ಎಲ್ಲೇ ತಗೊಳ್ಳಿ, ಐಎಸ್ಐ ಗುರುತು ನೋಡಿ ತಗೊಳ್ಳಿ. 2021ರ ಜನವರಿಯಿಂದ ಅದು ಕಡ್ಡಾಯ. ಮೂರು ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ ಅಲ್ವಾ? ಹಾಗಾಗಿ ಸಣ್ಣ ಬಿಡಿ ಭಾಗ ಇರುವ ಆಟಿಕೆಯನ್ನು ಆ ವಯಸ್ಸಿಗೆ ನಾವು ಕೊಡುವುದಿಲ್ಲ, ಮಗು ಎಷ್ಟೇ ಹಟ ಮಾಡಲಿ. ಗುಂಡಿಯಂಥ ಚಿಕ್ಕ ಸೆಲ್ ಹಾಕುವ ಆಟಿಕೆಯಾದರೆ, ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದೆಯಾ ಅಂತ ನಿಮ್ಮೆದುರೇ ತೋರಿಸುತ್ತೇವೆ. ಆ ಸೆಲ್ ನುಂಗಿದರೆ ತುಂಬಾ ಅಪಾಯ, ದಯವಿಟ್ಟು ಮನೆಯಲ್ಲಿರುವ ಹಳೇ ಆಟಿಕೆಗಳನ್ನೂ ಒಮ್ಮೆ ನೋಡಿಬಿಡಿ.

ಬಟ್ಟೆಯ ವಿಷಯಕ್ಕೆ ಬಂದರೆ, ಹತ್ತಿ ಗಿರಣಿಗಳಿಂದ ಹೆಸರಾದ ಊರು ನಮ್ಮ ದಾವಣಗೆರೆ, ಇಲ್ಲಿಯವರಿಗೆ ಬಟ್ಟೆ ಹಿಡಿದು ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಫ್ರಾಕನ್ನು ಒಳಗಿಂದ ತಿರುಗಿಸಿ ನೋಡಿ, ಚುಚ್ಚುವ ಹೊಲಿಗೆ ಇರಬಾರದು. ನಮ್ಮ ಕಾಟನ್ ಫ್ರಾಕ್, ಲಂಗಗಳ ಅಂಚನ್ನು ಮಡಚಿ ಹೊಲಿಸಿರುತ್ತೇವೆ. ಮಗಳು ಉದ್ದ ಆದ ಹಾಗೆ ಬಿಚ್ಚಿಕೊಂಡರೆ ಇನ್ನೊಂದು ವರ್ಷ ಬರುತ್ತದೆ. ನವೆಂಬರ್ 8ರಿಂದ 14ರವರೆಗೆ ಎಲ್ಲ ಕಾಟನ್ ಬಟ್ಟೆಗೆ ಶೇಕಡಾ 20 ರಿಯಾಯಿತಿ. ಬೆಳಗಿನ ಚಳಿಗೆ ಸ್ವೆಟರ್ ಕೂಡ ಬಂದಿವೆ, 350 ರೂಪಾಯಿಯಿಂದ ಶುರು. ಸೈಜ್ ಆಗಲಿಲ್ಲವಾ? ಬಿಲ್ ಇಟ್ಟುಕೊಂಡು ಏಳು ದಿನದೊಳಗೆ ಬನ್ನಿ, ಬದಲಾಯಿಸಿ ಕೊಡುತ್ತೇವೆ.

ಶಾಲೆಯಲ್ಲಿ ವೇಷ ಹಾಕಿಸುವವರಿಗೆ ನೆಹರೂ ಕೋಟು, ಕೆಂಪು ಗುಲಾಬಿ ಇದೆ. ನವೆಂಬರ್ 11 ಒನಕೆ ಓಬವ್ವನ ಜಯಂತಿ ಬೇರೆ, ಪಕ್ಕದ ದುರ್ಗದ ವೀರವನಿತೆಯಲ್ಲವೇ, ಅದಕ್ಕೇ ಪುಟ್ಟ ಕಚ್ಚೆ ಸೀರೆ, ಕೈಗೆ ಹಗುರವಾದ ಒನಕೆ ಸಮೇತ ಈ ಸಲ ತರಿಸಿದ್ದೇವೆ! ಇವು ಕೆಲವೇ ಇವೆ, ಬೇಗ ಬನ್ನಿ.

ನಮ್ಮ ಅಂಗಡಿ ಪಿ.ಜೆ. ಬಡಾವಣೆಯಲ್ಲಿ, ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ. ಸಂಜೆ ನೂಕುನುಗ್ಗಲು ಇರುತ್ತದೆ, ಕೈಗೂಸು ಇರುವವರು ಮಧ್ಯಾಹ್ನದೊಳಗೆ ಬಂದರೆ ಆರಾಮ.