ಜನರಲ್ ವಾರ್ಡ್, ರಾತ್ರಿಯಿಂದ ಬೆಳಗಿನ ಶಿಫ್ಟ್‌ಗೆ ಹ್ಯಾಂಡೋವರ್: ಜುಲೈ 18

ಸಿಸ್ಟರ್, ಸುಂಟಿಕೊಪ್ಪ ಕಡೆ ರಸ್ತೆಗೆ ಮರ ಬಿದ್ದು ನಿಮ್ಮ ಬಸ್ ನಿಂತಿದೆ ಅಂತ ಫೋನ್ ಬಂತು. ರಾತ್ರಿ ಡ್ಯೂಟಿಯ ಸಿಸ್ಟರ್‌ಗೆ ಮನೆಯಲ್ಲಿ ಚಿಕ್ಕ ಮಗು, ಕಾಯಲು ಆಗಲಿಲ್ಲ. ಅದಕ್ಕೆ 7:40ಕ್ಕೆ ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಾ ಹೇಳಿದ್ದನ್ನು ವಾರ್ಡಿನ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಒಟ್ಟು 19 ನಿಮಿಷ. ಅದನ್ನು ಮತ್ತೆ ಕೇಳಿ, ಕೇಸ್ ಶೀಟ್ ಪಕ್ಕದಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಹಾಸಿಗೆ ನಂಬರಿನ ಕ್ರಮ ಬಿಟ್ಟು, ಯಾರನ್ನು ಮೊದಲು ನೋಡಬೇಕೋ ಆ ಕ್ರಮದಲ್ಲಿ ಇದೆ. ನೀವು ಬರುವ ತನಕ ನಾನು ವಾರ್ಡಲ್ಲೇ ಇರುತ್ತೇನೆ.

8 ಹಾಸಿಗೆ, 6 ರೋಗಿಗಳು. 4 ಮತ್ತು 8 ಖಾಲಿ. 4ರ ಮೇಲೆ ಮಾಡು ಸೋರುತ್ತಿದೆ, ಬಕೆಟ್ ಇಟ್ಟಿದೆ. ಹೊಸ ಅಡ್ಮಿಷನ್ ಬಂದರೆ 8ಕ್ಕೆ ಹಾಕಿ.

ಹಾಸಿಗೆ 2: ಹಾವು ಕಡಿತ. ಮೊದಲು ಇವರನ್ನು ನೋಡಿ

34 ವರ್ಷದ ಗಂಡಸು, ತೂಕ 58 ಕೆಜಿ. ಸಿದ್ದಾಪುರ ಕಡೆಯ ತೋಟದ ಕೆಲಸ. ನಿನ್ನೆ ಸಂಜೆ 4:30ಕ್ಕೆ ಕಳೆ ತೆಗೆಯುವಾಗ ಬಲಗಾಲಿನ ಪಾದಕ್ಕೆ ಕಡಿದಿದೆ. 6 ಗಂಟೆಗೆ ಕರೆತಂದರು. 20 ನಿಮಿಷದ ಟೆಸ್ಟ್‌ನಲ್ಲಿ ರಕ್ತ ಹೆಪ್ಪುಗಟ್ಟಲಿಲ್ಲ. 6:30ಕ್ಕೆ ಎಎಸ್‌ವಿ 10 ವಯಲ್ ಶುರು. ಹತ್ತೇ ನಿಮಿಷಕ್ಕೆ ಮೈಯೆಲ್ಲ ತುರಿಕೆ, ದದ್ದು. ನಿಲ್ಲಿಸಿ ಆಡ್ರಿನಲಿನ್ 0.5 ಮಿ.ಗ್ರಾಂ. ತೊಡೆಗೆ ಕೊಟ್ಟು, ದದ್ದು ಇಳಿದ ಮೇಲೆ ನಿಧಾನಕ್ಕೆ ಮತ್ತೆ ಓಡಿಸಿದ್ದಾರೆ. 8 ಗಂಟೆಗೆ ಮುಗಿದಿದೆ. ರಾತ್ರಿ 2ಕ್ಕೆ ಮತ್ತೆ ಟೆಸ್ಟ್, ಆಗಲೂ ಹೆಪ್ಪುಗಟ್ಟಿಲ್ಲ. ಎರಡನೇ 10 ವಯಲ್ 2:30ರಿಂದ 3:30. ಈ ಸಲ ದದ್ದು ಬಂದಿಲ್ಲ.

ಮುಂದಿನ ಟೆಸ್ಟ್ ಎಷ್ಟು ಗಂಟೆಗೆ ಎನ್ನುವಲ್ಲಿ ರೆಕಾರ್ಡಿಂಗ್‌ಗೂ ಶೀಟ್‌ಗೂ ತಾಳೆ ಇಲ್ಲ. ಸಿಸ್ಟರ್ ಬಾಯಲ್ಲಿ 'ಎಂಟಕ್ಕೆ' ಅಂತ ಬಂದಿದೆ, ಡಾಕ್ಟರ್ ಬರೆದಿರುವುದು 9:30. ಡೋಸ್ ಮುಗಿದು 6 ಗಂಟೆ ಅಂದರೆ 9:30 ಸರಿ. 8:05ಕ್ಕೆ ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿದೆ, 9:30 ಅಂತಲೇ ಹೇಳಿದರು.

ನನಗೆ ಜಾಸ್ತಿ ಚಿಂತೆ ಇರುವುದು ಮೂತ್ರದ್ದು. ರೆಕಾರ್ಡಿಂಗ್‌ನಲ್ಲಿ 'ಯೂರಿನ್ ಹೋಗ್ತಿದೆ, ಸ್ವಲ್ಪ ಕಡಿಮೆ' ಅಂತ ಒಂದೇ ಮಾತು. ಚಾರ್ಟ್ ತೆಗೆದು ಕೂಡಿಸಿ ನೋಡಿದೆ. ಸಂಜೆ 7ರಿಂದ ಬೆಳಗ್ಗೆ 7ರ ತನಕ 310 ಮಿ.ಲೀ. ಈ ತೂಕಕ್ಕೆ ಗಂಟೆಗೆ 29 ಮಿ.ಲೀ. ಲೆಕ್ಕದಲ್ಲಿ 348 ಆದರೂ ಬರಬೇಕಿತ್ತು. ಒಟ್ಟು ನೋಡಿದರೆ ಅಂಥ ವ್ಯತ್ಯಾಸ ಅನಿಸುವುದಿಲ್ಲ, ಅಲ್ವಾ? ಆದರೆ 4ರಿಂದ 7ರ ತನಕ ಬಂದಿರುವುದು ಬರೀ 40. ಮೂರು ಗಂಟೆಗೆ 40! ಬ್ಯಾಗ್‌ನಲ್ಲಿರುವುದು ಡಿಕಾಕ್ಷನ್ ಬಣ್ಣ, ನಾನೇ ಬೆಳಕಿಗೆ ಹಿಡಿದು ನೋಡಿದೆ. ಕ್ಯಾತಿಟರ್ ಮಡಚಿಕೊಂಡಿಲ್ಲ, ಹೊಟ್ಟೆ ಕೆಳಭಾಗ ಉಬ್ಬಿಲ್ಲ. ಹಾಗಾಗಿ ಕಟ್ಟಿಕೊಂಡು ನಿಂತಿದ್ದಲ್ಲ. ನಿನ್ನೆಯ ಕ್ರಿಯಾಟಿನಿನ್ 1.1. ಇಂದು 6ಕ್ಕೆ ಕಳಿಸಿದ ಸ್ಯಾಂಪಲ್ ರಿಪೋರ್ಟ್ ಇನ್ನೂ ಬಂದಿಲ್ಲ, ಲ್ಯಾಬ್‌ಗೆ ಫೋನ್ ಮಾಡಿ ಬೆನ್ನು ಹತ್ತಿ. ಈ 40ರ ಲೆಕ್ಕವನ್ನೂ ಬಣ್ಣವನ್ನೂ ಡಾಕ್ಟರ್‌ಗೆ ಅದೇ ಫೋನ್‌ನಲ್ಲಿ ಹೇಳಿದ್ದೇನೆ, ರೌಂಡ್ಸ್‌ನಲ್ಲಿ ಮೊದಲು ಇಲ್ಲಿಗೇ ಬರುತ್ತಾರೆ. ಇನ್ನು ಮೇಲೆ ಗಂಟೆಗೊಮ್ಮೆ ಅಳೆದು ಬರೆಯಿರಿ. 8ಕ್ಕೆ ಅಳೆದದ್ದು 12 ಮಿ.ಲೀ.

ಕಾಲಿನ ಊತ: ಮಂಡಿಯಿಂದ ನಾಲ್ಕು ಬೆರಳು ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದಿದೆ, ಪಕ್ಕದಲ್ಲಿ ಸಮಯ ಇದೆ. ಮೀನಖಂಡದ ಸುತ್ತಳತೆ ರಾತ್ರಿ 10ಕ್ಕೆ 36 ಸೆಂ.ಮೀ., ಬೆಳಗ್ಗೆ 6ಕ್ಕೆ 38.5. ಬೆರಳು ಬೆಚ್ಚಗಿದೆ, ಆಡಿಸುತ್ತಾರೆ. ವಸಡಿನಲ್ಲಿ ರಾತ್ರಿ ಸ್ವಲ್ಪ ರಕ್ತ ಇತ್ತು, ಈಗ ಇಲ್ಲ. ರೆಪ್ಪೆ ಜೋಲಿಲ್ಲ, ಉಸಿರಾಟ ಸರಿ. 7:30ಕ್ಕೆ ಬಿಪಿ 108/70, ನಾಡಿ 98. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಡಿಕ್ಲೋ ಬೇಡ, ಸೊಂಟಕ್ಕೆ ಯಾವ ಇಂಜೆಕ್ಷನ್ನೂ ಬೇಡ.

ಹಾವಿನ ವಿಷಯ: ರೋಗಿಯ ತಮ್ಮ ಫೋನ್‌ನಲ್ಲಿ ಫೋಟೋ ತೋರಿಸಿ ಕೊಳಕುಮಂಡಲ ಅಂತಾರೆ. ಮಸುಕು ಫೋಟೋ, ಬಾಲ ಮಾತ್ರ ಕಾಣುತ್ತದೆ. ನಮ್ಮ ತೋಟಗಳಲ್ಲಿ ಹಂಪ್-ನೋಸ್ಡ್ ಪಿಟ್ ವೈಪರ್ ಕೂಡ ಇದೆ. ಅದರ ವಿಷಕ್ಕೆ ನಮ್ಮಲ್ಲಿರುವ ಎಎಸ್‌ವಿ ಕೆಲಸ ಮಾಡುವುದಿಲ್ಲ. 20 ವಯಲ್ ಆದ ಮೇಲೂ 9:30ಕ್ಕೆ ಹೆಪ್ಪುಗಟ್ಟದಿದ್ದರೆ ಡಾಕ್ಟರ್ ಈ ಪ್ರಶ್ನೆ ಎತ್ತುತ್ತಾರೆ. ಫೋಟೋ ಇರುವ ಆ ತಮ್ಮ ಮನೆಗೆ ಹೋಗದ ಹಾಗೆ ನೋಡಿಕೊಳ್ಳಿ.

ಹಾಸಿಗೆ 5: ಡೆಂಗಿ, ಐದನೇ ದಿನ

41 ವರ್ಷದ ಗಂಡಸು, ಕುಶಾಲನಗರ. ರೆಕಾರ್ಡಿಂಗ್‌ನಲ್ಲಿ ಇವರ ಬಗ್ಗೆ ಅರ್ಧ ನಿಮಿಷ ಮಾತ್ರ ಇದೆ: 'ಜ್ವರ ಬಿಟ್ಟಿದೆ, ಆರಾಮಾಗಿದ್ದಾರೆ.' ಜ್ವರ ಬಿಟ್ಟಿದೆ ನಿಜ, ರಾತ್ರಿ 11ರಿಂದ 99 ದಾಟಿಲ್ಲ. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಕಷ್ಟದ್ದು ಅಂತ ನಿಮಗೆ ನಾನು ಹೇಳಬೇಕಿಲ್ಲ. ಅಂಕಿ ನೋಡಿ. ಪ್ಲೇಟ್‌ಲೆಟ್ ನಿನ್ನೆ 62,000, ಇಂದು 6ಕ್ಕೆ 48,000. ಹೆಮಟೋಕ್ರಿಟ್ 41ರಿಂದ 46ಕ್ಕೆ ಏರಿದೆ. ಬಿಪಿ ರಾತ್ರಿ 10ಕ್ಕೆ 116/74 ಇತ್ತು, 7:30ಕ್ಕೆ 104/82. ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ 42 ಇದ್ದದ್ದು 22 ಆಗಿದೆ. 20ಕ್ಕೆ ಇಳಿದರೆ, ಕೈಕಾಲು ತಣ್ಣಗಾದರೆ, ಹೊಟ್ಟೆನೋವು ಅಥವಾ ಪದೇ ಪದೇ ವಾಂತಿ ಅಂದರೆ ರೌಂಡ್ಸ್‌ಗೆ ಕಾಯದೆ ಡಾಕ್ಟರ್‌ನ ಕರೆಯಿರಿ. ಬಿಪಿ ಗಂಟೆಗೊಮ್ಮೆ. ಈ ಅಂಕಿಗಳೂ ಡಾಕ್ಟರ್‌ಗೆ ಗೊತ್ತು, ಡ್ರಿಪ್ ವೇಗ ಅವರು ಬಂದು ನೋಡಿ ಹೇಳುತ್ತಾರೆ. ಅಲ್ಲಿಯವರೆಗೆ ಎನ್‌ಎಸ್ ಗಂಟೆಗೆ 100 ಮಿ.ಲೀ. 10 ಗಂಟೆಗೆ ರಕ್ತ ಮತ್ತೆ ಕಳಿಸಬೇಕು.

ಹೆಂಡತಿ ಪಪ್ಪಾಯ ಎಲೆ ರಸ ಬಾಟಲಿಯಲ್ಲಿ ತಂದಿಟ್ಟಿದ್ದಾರೆ. ಬೈಯಲು ಹೋಗಬೇಡಿ, ಎಷ್ಟು ಕುಡಿದರು, ವಾಂತಿ ಆಯಿತಾ ಅಂತ ಕೇಳಿ ಬರೆದುಕೊಳ್ಳಿ, ಡಾಕ್ಟರ್‌ಗೂ ಹೇಳಿ.

ಹಾಸಿಗೆ 1: ಸಿಒಪಿಡಿ

62 ವರ್ಷ, ಗಂಡಸು. ಮೂಗಿನ ನಳಿಕೆಯಲ್ಲಿ ಆಕ್ಸಿಜನ್ 1 ಲೀಟರ್. ಸ್ಯಾಚುರೇಶನ್ ಈಗ 90. ಇವರಿಗೆ 88ರಿಂದ 92 ಇದ್ದರೆ ಸಾಕು ಅಂತ ಆರ್ಡರ್ ಇದೆ. ರಾತ್ರಿ 3ಕ್ಕೆ ಮಗ '89 ಅಂತ ತೋರಿಸ್ತಿದೆ, ಕಡಿಮೆ ಆಯ್ತು' ಅಂತ ತಾನೇ 4 ಲೀಟರ್‌ಗೆ ತಿರುಗಿಸಿಬಿಟ್ಟಿದ್ದಾನೆ. ಸಿಸ್ಟರ್ ಹಾಸಿಗೆ 2ರ ಎಎಸ್‌ವಿ ಪಕ್ಕ ಇದ್ದರು. 3:40ಕ್ಕೆ ಬಂದು ನೋಡಿದರೆ ಸ್ಯಾಚುರೇಶನ್ 97, ರೋಗಿ ಮಂಪರಿನಲ್ಲಿ, ಕೂಗಿದರೆ ಮಾತ್ರ ಕಣ್ಣು ಬಿಡುತ್ತಿದ್ದರು. 1ಕ್ಕೆ ಇಳಿಸಿ ಡಾಕ್ಟರ್‌ಗೆ ತಿಳಿಸಿದ್ದಾರೆ. 5ರ ಹೊತ್ತಿಗೆ ಎಚ್ಚರ, ಕಾಫಿ ಕೇಳಿದರು. ಈಗ ಚೆನ್ನಾಗಿ ಮಾತಾಡುತ್ತಾರೆ. ಫ್ಲೋಮೀಟರ್‌ನ ತಿರುಗಣೆಗೆ ನಾನು ಪ್ಲಾಸ್ಟರ್ ಸುತ್ತಿ '1' ಅಂತ ಬರೆದಿದ್ದೇನೆ. ಮಗನಿಗೂ ಕೂರಿಸಿ ಹೇಳಿದ್ದೇನೆ, ಹುಡುಗ ಹೆದರಿದ್ದಾನೆ. ನೆಬ್ಯುಲೈಸೇಶನ್ 6ಕ್ಕೆ ಆಗಿದೆ, ಮುಂದಿನದು 12ಕ್ಕೆ. ಮತ್ತೆ ನಿದ್ದೆಗೆ ಜಾರಿದಂತೆ ಕಂಡರೆ ಸುಮ್ನೆ ಮಲಗಲಿ ಅಂತ ಬಿಡಬೇಡಿ, ಎಬ್ಬಿಸಿ ಮಾತಾಡಿಸಿ.

ಹಾಸಿಗೆ 7: ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು

70 ವರ್ಷದ ಅಜ್ಜ. ರಾತ್ರಿ 8ಕ್ಕೆ ಇನ್ಸುಲಿನ್ ತೆಗೆದುಕೊಂಡು, ಉಪ್ಪಿಟ್ಟು ಬೇಡ ಅಂತ ತಟ್ಟೆ ದೂಡಿದ್ದಾರೆ. 2 ಗಂಟೆಗೆ ಮೈಯೆಲ್ಲ ಬೆವರು, ಶುಗರ್ 54. 25% ಡೆಕ್ಸ್‌ಟ್ರೋಸ್ 100 ಮಿ.ಲೀ. ಕೊಟ್ಟು 15 ನಿಮಿಷಕ್ಕೆ 132. 6ಕ್ಕೆ 148. ಬೆಳಗಿನ ಇನ್ಸುಲಿನ್ ಕೊಟ್ಟಿಲ್ಲ, ಡಾಕ್ಟರ್ ನೋಡುವ ತನಕ ಕೊಡಬೇಡಿ. ಅವರು ಹೇಳಿದ ಮೇಲೂ ತಟ್ಟೆ ಮುಂದೆ ಬಂದು ತಿನ್ನಲು ಶುರು ಮಾಡಿದ ಮೇಲೆಯೇ. ಸೊಸೆ 9ಕ್ಕೆ ಕಡಂಬುಟ್ಟು ತರುತ್ತಾರಂತೆ, ಅಕ್ಕಿಯದು, ಎಷ್ಟು ಕೊಡಬಹುದು ಅಂತ ಡಾಕ್ಟರ್‌ನ ಕೇಳಿ. ಅಜ್ಜನನ್ನು ಕೊಡವ ತಕ್ಕ್‌ನಲ್ಲಿ ಮಾತಾಡಿಸಿದರೆ ಮಾತು ಕೇಳುತ್ತಾರೆ. ನಿಮಗೆ ಬರುತ್ತದಲ್ಲ, ನನಗಿಂತ ನಿಮ್ಮ ಮಾತು ನಡೆಯುತ್ತದೆ. ಡ್ರೆಸ್ಸಿಂಗ್ 11ಕ್ಕೆ.

ಹಾಸಿಗೆ 6: ಎಡಗಾಲಿನ ಮೂಳೆ ಮುರಿತ

29 ವರ್ಷ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ಕಾಲಿನ ಮೇಲೆ ಬಿದ್ದಿದೆ. ಸ್ಲ್ಯಾಬ್ ಹಾಕಿದೆ. ಆಪರೇಷನ್‌ಗೆ ಮೈಸೂರಿಗೆ ಕಳಿಸುತ್ತಾರೆ, 11ಕ್ಕೆ ಆಂಬುಲೆನ್ಸ್. ಎಕ್ಸ್-ರೇ ಫಿಲ್ಮ್ ನನ್ನ ಮೇಜಿನ ಎರಡನೇ ಡ್ರಾಯರ್‌ನಲ್ಲಿದೆ, ರೆಫರಲ್ ಪತ್ರಕ್ಕೆ ಡಾಕ್ಟರ್ ಸಹಿ ಆಗಬೇಕು. ನೋವು 10ರಲ್ಲಿ 4. ಕಾಲ್ಬೆರಳು ಆಡಿಸುತ್ತಾರೆ, ಬೆಚ್ಚಗಿದೆ. ಹೊರಡುವ ಮುಂಚೆ ಇನ್ನೊಮ್ಮೆ ನೋಡಿ ಬರೆಯಿರಿ. ರೆಕಾರ್ಡಿಂಗ್‌ನಲ್ಲಿ ಟ್ರಮಡಾಲ್ ಹೇಳುವಾಗ ವಾರ್ಡಿನ ಮಾಡಿನ ಮೇಲೆ ಮಳೆ ಸುರಿದು 'ನೂರು' ಅಂದ ಹಾಗೆ ಕೇಳುತ್ತದೆ. ಡ್ರಗ್ ಚಾರ್ಟ್‌ನಲ್ಲಿ 50 ಮಿ.ಗ್ರಾಂ., 5 ಗಂಟೆಗೆ. ಸಿಸ್ಟರ್‌ಗೆ ಫೋನ್ ಮಾಡಿ ಕೇಳಿದೆ, 50 ಅಂತಲೇ ಹೇಳಿದರು.

ಹಾಸಿಗೆ 3: ಅಪೆಂಡಿಕ್ಸ್ ಆಪರೇಷನ್ ಆಗಿ ಎರಡನೇ ದಿನ

22 ವರ್ಷ. ಜ್ವರ ಇಲ್ಲ, ಗಾಯ ಒಣಗಿದೆ, ಗಾಳಿ ಹೋಗಿದೆ. ಗಂಜಿ ಶುರು. ನಡೆಸಿ. ಅಷ್ಟೇ.

ಸಾಮಾನು

ಎಎಸ್‌ವಿ 14 ವಯಲ್ ಉಳಿದಿದೆ. ಇನ್ನೊಂದು ಡೋಸ್ ಕೊಟ್ಟರೆ 4. ಮಳೆಗಾಲದಲ್ಲಿ ಅದು ಸಾಲದು, ಫಾರ್ಮಸಿಗೆ 20ಕ್ಕೆ ಇಂಡೆಂಟ್ ಕೊಟ್ಟಿದ್ದೇನೆ, ಬಂತಾ ನೋಡಿ. ಎಮರ್ಜೆನ್ಸಿ ಟ್ರೇಯಲ್ಲಿ 25% ಡೆಕ್ಸ್‌ಟ್ರೋಸ್ ಒಂದೇ ಬಾಟಲಿ. ಬೆಳಗ್ಗೆ 4:10ಕ್ಕೆ 12 ನಿಮಿಷ ಕರೆಂಟ್ ಹೋಗಿತ್ತು. ಇನ್ಫ್ಯೂಷನ್ ಪಂಪ್ ಬ್ಯಾಟರಿಯಲ್ಲಿ ಓಡಿದೆ, ಈಗ ಚಾರ್ಜ್‌ಗೆ ಹಾಕಿದೆ. ಆಕ್ಸಿಜನ್ ತುಂಬಿದ ಸಿಲಿಂಡರ್ ಎರಡು.

ನೀವು ಬಂದು ಇದನ್ನು ಶೀಟ್‌ಗಳ ಜೊತೆ ತಾಳೆ ನೋಡಿ ಸಹಿ ಹಾಕಿದ ಮೇಲೆ ರೆಕಾರ್ಡಿಂಗ್ ಅಳಿಸುತ್ತೇನೆ. ಅದರಲ್ಲಿ ಎಲ್ಲರ ಹೆಸರೂ ಇದೆ.

9:30ರ ಟೆಸ್ಟ್‌ಗೆ ಹೊಸ ಗಾಜಿನ ಟ್ಯೂಬ್ ಹಾಸಿಗೆ 2ರ ಲಾಕರ್ ಮೇಲೆ ಬಟ್ಟಲಲ್ಲಿ ಮುಚ್ಚಿಟ್ಟಿದ್ದೇನೆ. ಸಿಂಕ್ ಪಕ್ಕ ಒಣಗಲು ಇಟ್ಟಿರುವುದನ್ನು ತೆಗೆದುಕೊಳ್ಳಬೇಡಿ, ಅದು ಸೋಪು ಹಾಕಿ ತೊಳೆದದ್ದು, ಅದರಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಹೋಗಬಹುದು. 2 ಮಿ.ಲೀ. ರಕ್ತ, 20 ನಿಮಿಷ ಮುಟ್ಟದೆ ಬಿಟ್ಟು, ಒಂದೇ ಸಲ ಓರೆ ಮಾಡಿ ನೋಡಿ.

ಬರೆದು ಮುಗಿಸಿದ್ದು 8:35.