ಮಾರ್ಚ್ 1ರ ರೇಷನ್ ಬಿಲ್, ಪೂರ್ತಿ ಟೈಪ್ ಮಾಡಿದ್ದೇನೆ

ಮಂಜು, ಸುಹಾಸ್, ಕಿರಣ್, ಮೂವರೂ ಒಂದ್ಸಲ ಪೂರ್ತಿ ಓದಿ.

ಬಿಲ್ಲಿನ ಫೋಟೊ ಹೋಯ್ತು. ನಮ್ಮ ಗ್ರೂಪಲ್ಲಿ 7 ದಿನಕ್ಕೆ ಮೆಸೇಜ್ ಅಳಿಸಿಹೋಗುವ ಸೆಟ್ಟಿಂಗ್ ಇದೆ, ಮಂಜು ಕಳಿಸಿದ್ದ ಫೋಟೊನ ನಾವ್ಯಾರೂ ಸೇವ್ ಮಾಡಿಕೊಂಡಿರಲಿಲ್ಲ. ಪುಣ್ಯಕ್ಕೆ ಚೀಟಿ ಮಾತ್ರ ಸಿಕ್ಕಿತು, ಅಡುಗೆಮನೆ ಶೆಲ್ಫಲ್ಲಿ ಎಣ್ಣೆ ಬಾಟಲಿ ಕೆಳಗೆ. ಮತ್ತೆ ಫೋಟೊ ತೆಗೆದು ನೋಡಿದೆ, ಬರೀ ಬಿಳಿ ಕಾಗದ ಬರುತ್ತೆ, ಅಕ್ಷರ ಅಷ್ಟು ಮಸುಕಾಗಿದೆ. ಕಿಟಕಿ ಹತ್ತಿರ ಓರೆಯಾಗಿ ಹಿಡಿದರೆ ಓದೋಕಾಗುತ್ತೆ, ಹಾಗೆ ಹಿಡಿದುಕೊಂಡೇ ಸಾಲು ಸಾಲಾಗಿ ಟೈಪ್ ಮಾಡಿದ್ದೇನೆ.

ಭಾನುವಾರ, 1-3-2026, ಸಂಜೆ 7:42

1. ಸೋನಾ ಮಸೂರಿ ಅಕ್ಕಿ, 10 ಕೆಜಿ ಚೀಲ 1: 620.00
2. ತೊಗರಿಬೇಳೆ, 2 ಕೆಜಿ × 138: 276.00
3. ಉದ್ದಿನಬೇಳೆ, 1 ಕೆಜಿ: 132.00
4. ಸೂರ್ಯಕಾಂತಿ ಎಣ್ಣೆ 1 ಲೀಟರ್, 3 × 158: 474.00
5. ಗೋಧಿ ಹಿಟ್ಟು, 5 ಕೆಜಿ ಪ್ಯಾಕೆಟ್ 1: 265.00
6. ಬಾಂಬೆ ರವೆ, 1 ಕೆಜಿ: 52.00
7. ಈರುಳ್ಳಿ, 3.240 ಕೆಜಿ × 30: 97.20
8. ಟೊಮೆಟೊ, 1.560 ಕೆಜಿ × 25: 39.00
9. ಕಾಫಿ ಪುಡಿ, ಅರ್ಧ ಕೆಜಿ: 312.00
10. ಮೊಟ್ಟೆ, 30ರ ಟ್ರೇ 1: 204.00
11. ತುಪ್ಪ, ಅರ್ಧ ಲೀಟರ್: 345.00 (ಸುಹಾಸ್ ಊರಿಗೆ ತಗೊಂಡು ಹೋಗಿದ್ದು)
12. ಶಾಂಪೂ 1: 189.00 (ಕಿರಣ್)
13. ಪಾತ್ರೆ ಸೋಪು, 3 × 20: 60.00
14. ಬಟ್ಟೆ ಸೋಪಿನ ಪುಡಿ, 2 ಕೆಜಿ: 240.00
15. ಕ್ಯಾರಿ ಬ್ಯಾಗ್, 2 × 8: 16.00

ಒಟ್ಟು: 3321.20
ಎಣ್ಣೆ ಮೇಲಿನ ಆಫರ್: 30.00 ಕಡಿತ
ರೌಂಡ್ ಆಫ್: 0.20 ಕಡಿತ
ಕೊಟ್ಟಿದ್ದು: 3291.00

14ನೇ ಸಾಲಿನ ಬಗ್ಗೆ ಹೇಳಲೇಬೇಕು. ಅಲ್ಲಿ ಎಣ್ಣೆ ಕಲೆ ಬಿದ್ದು ಬೆಲೆ ಪೂರ್ತಿ ಅಳಿಸಿಹೋಗಿದೆ, ಹೆಸರು ಮಾತ್ರ ಅರ್ಧಂಬರ್ಧ ಕಾಣುತ್ತೆ. ಊಹೆ ಮಾಡಿ ಹಾಕಿಲ್ಲ. ಉಳಿದ 14 ಸಾಲು ಕೂಡಿಸಿದರೆ 3081.20 ಬರುತ್ತೆ, ಅದನ್ನು 3321.20ರಲ್ಲಿ ಕಳೆದರೆ 240. ಪುಡಿ ಪ್ಯಾಕೆಟ್ ಇನ್ನೂ ಬಾತ್‌ರೂಮಲ್ಲೇ ಇದೆ, ಅದರ ಮೇಲಿನ ಎಂಆರ್‌ಪಿಯೂ 240. ಚೀಟಿ ಕೊನೆಯಲ್ಲಿ ಐಟಂ 15 ಅಂತಲೂ ಇದೆ, ಹಾಗಾಗಿ ಯಾವ ಸಾಲೂ ಬಿಟ್ಟುಹೋಗಿಲ್ಲ. ಟೊಮೆಟೊ ತೂಕದಲ್ಲೂ 1.560ಓ 1.580ಓ ಅಂತ ಅನುಮಾನ ಬಂತು. 39 ರೂಪಾಯಿ ಸರಿಯಾಗಿ ಬರೋದು 1.560ಕ್ಕೇ.

ಕೆಳಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಒಂದು ಸಣ್ಣ ಪಟ್ಟಿ ಇದೆ. ಅದು ಬೆಲೆಯೊಳಗೇ ಸೇರಿರುವ ತೆರಿಗೆ, ಮತ್ತೆ ಕೂಡಿಸಬೇಡಿ.

ಈಗ ಪಾಲು. ಹೋದ ತಿಂಗಳು ಸುಮ್ನೆ ನಾಲ್ಕರಿಂದ ಭಾಗ ಮಾಡಿಬಿಟ್ವಿ, ಮಂಜು ಮೊಟ್ಟೆ ಮುಟ್ಟೋದೇ ಇಲ್ಲ, ಆದ್ರೂ ಅದರ ದುಡ್ಡು ಕೊಟ್ಟ, ಏನೂ ಹೇಳಲಿಲ್ಲ. ನನಗೆ ಅದು ಸರಿ ಅನ್ನಿಸಲಿಲ್ಲ. ಅದಕ್ಕೇ ಈ ಸಲ ಮೊಟ್ಟೆ 204 ಅನ್ನು ನಾನು, ಸುಹಾಸ್, ಕಿರಣ್ ಮೂವರಿಗೆ ಹಾಕಿದ್ದೇನೆ, ತಲಾ 68. ಕಿರಣ್ ಕಾಫಿ ಕುಡಿಯಲ್ಲ, ಹಾಗಾಗಿ ಕಾಫಿ ಪುಡಿ 312 ಉಳಿದ ಮೂವರಿಗೆ, ತಲಾ 104. ತುಪ್ಪ ಸುಹಾಸಿಗೆ, ಶಾಂಪೂ ಕಿರಣಿಗೆ. ಇವೆಲ್ಲ ತೆಗೆದ ಮೇಲೆ, ಆಫರ್ ಮತ್ತು ರೌಂಡ್ ಆಫ್ ಕಳೆದು, ಎಲ್ಲರಿಗೂ ಸೇರಿದ್ದು 2241. ತಲಾ 560, ಉಳಿದ 1 ರೂಪಾಯಿ ನನ್ನ ಲೆಕ್ಕಕ್ಕೆ.

ಸುಹಾಸ್: 560 + 68 + 104 + 345 = 1077
ಕಿರಣ್: 560 + 68 + 189 = 817
ಮಂಜು: 560 + 104 = 664
ನಾನು: 560 + 68 + 104 + 1 = 733

ಅಂಗಡಿಯಲ್ಲಿ ಮಂಜು 500 ಕ್ಯಾಶ್ ಕೊಟ್ಟಿದ್ದ, ಉಳಿದ 2791 ನಾನು ಯುಪಿಐ ಮಾಡಿದ್ದೆ, ಅದು ನನ್ನ ಫೋನಲ್ಲಿ ಇನ್ನೂ ಇದೆ, ಎರಡೂ ಸೇರಿದರೆ ಸರಿಯಾಗಿ 3291. ಹಾಗಾಗಿ ಮಂಜು ನನಗೆ ಕೊಡಬೇಕಾಗಿರೋದು 164 ಅಷ್ಟೇ. ಸುಹಾಸ್ 1077, ಕಿರಣ್ 817.

ಸುಹಾಸ್, ಉದ್ದಿನಬೇಳೆ ನೀನು ಹಿಟ್ಟು ರುಬ್ಬೋಕೆ ಅಂತ ತಂದಿದ್ದು, ಆದ್ರೆ ದೋಸೆ ಎಲ್ಲರೂ ತಿಂದಿದ್ದೀವಿ ಅಲ್ವಾ, ಅದಕ್ಕೇ ಅದನ್ನು ಎಲ್ಲರ ಲೆಕ್ಕಕ್ಕೇ ಸೇರಿಸಿದೆ. ಯಾವುದಾದರೂ ಸಾಲು ತಪ್ಪು ಅನ್ನಿಸಿದರೆ ದುಡ್ಡು ಹಾಕೋ ಮೊದಲೇ ಹೇಳಿ, ಕೂತು ನೋಡೋಣ. ಚೀಟಿ ಫ್ರಿಜ್ ಮೇಲಿನ ಸ್ಟೀಲ್ ಡಬ್ಬದಲ್ಲಿ ಇಟ್ಟಿದ್ದೇನೆ, ಭಾನುವಾರದವರೆಗೂ ಎಸೆಯಬೇಡಿ.