ಆಗಸ್ಟ್ 18ರಿಂದ 20ರವರೆಗಿನ ಕೆಲಸದ ಯೋಜನೆ

ಕಚೇರಿಯ ಎಲ್ಲ ಸಹೋದ್ಯೋಗಿಗಳಿಗೆ,
ಘಾಟ್‌ಕೋಪರ್, ಭಾನುವಾರ, 17 ಆಗಸ್ಟ್ 2025

ಸ್ವಾತಂತ್ರ್ಯ ದಿನ, ದಹಿ ಹಂಡಿ ಮತ್ತು ಭಾನುವಾರ ಒಟ್ಟಿಗೆ ಬಂದು ಮೂರು ದಿನ ಕಚೇರಿ ಮುಚ್ಚಿದ್ದರಿಂದ ಜುಲೈ ತಿಂಗಳ 31 ಜಿಎಸ್‌ಟಿಆರ್-3ಬಿ ರಿಟರ್ನ್‌ಗಳು ಬಾಕಿ ಉಳಿದಿವೆ. ಅವುಗಳ ಗಡುವು ಬುಧವಾರ, 20ನೇ ತಾರೀಕು. ಖರೀದಿ ತಾಳೆ ನೋಡಲು ಬೇಕಾದ 2ಬಿ ತಃಖ್ತೆ ಪೋರ್ಟಲ್‌ನಲ್ಲಿ ಸಿಗುವುದೇ 14ರಂದು, ಅಂದರೆ ರಜೆಯ ಹಿಂದಿನ ದಿನ. ಹಾಗಾಗಿ ಈ ಬಾಕಿಗೆ ಯಾರನ್ನೂ ದೂರುವಂತಿಲ್ಲ.

ಸೋಮವಾರ ಬೆಳಿಗ್ಗೆ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಎಂಟು ವ್ಯಾಪಾರಿಗಳ ಕಡತಗಳನ್ನು. ಸುಲಭದವನ್ನು ಮೊದಲು ಮುಗಿಸಿ ಸಂಖ್ಯೆ ತಗ್ಗಿಸುವ ನಮ್ಮ ಹಳೆಯ ರೂಢಿ ಈ ಸಲ ಬೇಡ. ಜುಲೈ ಅವಧಿಯಿಂದ, ಜಿಎಸ್‌ಟಿಆರ್-1ರಿಂದ ತಾನಾಗಿ ತುಂಬಿಕೊಳ್ಳುವ ತೆರಿಗೆಯ ಮೊತ್ತವನ್ನು 3ಬಿಯಲ್ಲಿ ತಿದ್ದಲು ಬರುವುದಿಲ್ಲ; ತಪ್ಪಿದ್ದರೆ 3ಬಿ ಸಲ್ಲಿಸುವ ಮುನ್ನವೇ ಜಿಎಸ್‌ಟಿಆರ್-1ಎ ಮೂಲಕ ಸರಿಪಡಿಸಬೇಕು, ಅದೂ ಒಂದು ಅವಧಿಗೆ ಒಮ್ಮೆ ಮಾತ್ರ. ಹಾರ್ಡ್‌ವೇರ್ ಅಂಗಡಿಯ ಕಡತದಲ್ಲಿ 18,000 ರೂಪಾಯಿಯ ಒಂದು ಬಿಲ್ಲು 1,80,000 ಎಂದು ದಾಖಲಾಗಿರುವುದು ಗುರುವಾರ ಸಂಜೆ ನನ್ನ ಕಣ್ಣಿಗೆ ಬಿತ್ತು. ಶೇ. 18ರ ದರದಲ್ಲಿ 3,240ರ ಬದಲು 32,400 ರೂಪಾಯಿ ತೆರಿಗೆ! ಒಂದು ಸೊನ್ನೆಯ ಬೆಲೆ ಇಷ್ಟು. ಆದ್ದರಿಂದ ಎಂಟೂ ಕಡತಗಳ ಮಾರಾಟದ ಪಟ್ಟಿಯನ್ನು ಬಿಲ್ ಪುಸ್ತಕದೊಂದಿಗೆ ಪೂರ್ತಿ ಹೋಲಿಸಿ, ಸಿಕ್ಕ ತಪ್ಪುಗಳನ್ನೆಲ್ಲ ಒಟ್ಟುಗೂಡಿಸಿದ ಮೇಲೆಯೇ 1ಎ ಸಲ್ಲಿಸತಕ್ಕದ್ದು.

ಹತ್ತೊಂಬತ್ತು ಹೋಟೆಲುಗಳನ್ನು ಮಂಗಳವಾರ ಮಧ್ಯಾಹ್ನದೊಳಗೆ ಆರ್ಟಿಕಲ್ ತರಬೇತಿಯ ಇಬ್ಬರೂ ಮುಗಿಸಬಹುದು. ಅವರೆಲ್ಲ ಶೇ. 5ರ ದರದವರಾದ್ದರಿಂದ, ಇನ್‌ಪುಟ್ ಕ್ರೆಡಿಟ್ ಪಡೆಯುವಂತಿಲ್ಲವಾಗಿ, ಖರೀದಿ ತಾಳೆಯ ಗೋಜಿಲ್ಲ. ಆದರೆ ಜಾಗದ ಮಾಲೀಕರು ನೋಂದಣಿ ಇಲ್ಲದವರಾದರೆ ಬಾಡಿಗೆಯ ಮೇಲಿನ ತೆರಿಗೆಯನ್ನು ಹೋಟೆಲಿನವರೇ ನಗದು ಖಾತೆಯಿಂದ ಕಟ್ಟಬೇಕು. ಅದು 2ಬಿಯಲ್ಲಿ ಕಾಣಿಸದ ಕಾರಣ ಮರೆತುಹೋಗುವ ಸಂಭವ ಹೆಚ್ಚು. ಒಬ್ಬ ಹೋಟೆಲಿನವರ ಬಿಲ್ಲುಗಳು ಪ್ಲಾಸ್ಟಿಕ್ ಚೀಲದಲ್ಲಿ ನೆನೆದು ಒಂದಕ್ಕೊಂದು ಅಂಟಿಕೊಂಡಿವೆ. ಅವನ್ನು ಫ್ಯಾನಿನಡಿ ಹರಡಿದ್ದೇನೆ, ದಯವಿಟ್ಟು ಯಾರೂ ಮಡಚಿಡಬೇಡಿ.

ಉಳಿದ ನಾಲ್ಕು ಶೂನ್ಯ ರಿಟರ್ನ್‌ಗಳು ಹತ್ತು ನಿಮಿಷದ ಕೆಲಸ.

ಚಲನ್‌ಗಳ ಮೊತ್ತವನ್ನು ಗ್ರಾಹಕರಿಗೆ ಮಂಗಳವಾರ ಸಂಜೆ ಐದರೊಳಗೆ ತಿಳಿಸಬೇಕು. ಬುಧವಾರ ಪೋರ್ಟಲ್ ಆಮೆನಡಿಗೆಯಲ್ಲಿರುತ್ತದೆ ಎಂಬುದು ನಮಗೆಲ್ಲ ಗೊತ್ತಿರುವುದರಿಂದ ಆ ದಿನವನ್ನು ಹಣ ತಡವಾಗಿ ಕಟ್ಟುವವರಿಗಾಗಿ ಮಾತ್ರ ಮೀಸಲಿಡೋಣ. ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ಬಾಕಿ ತೆರಿಗೆಗೆ ವಾರ್ಷಿಕ ಶೇ. 18 ಬಡ್ಡಿ ಎಂಬುದನ್ನು ಅವರಿಗೆ ಬರವಣಿಗೆಯಲ್ಲೇ ತಿಳಿಸಿ.

ಆದಾಯ ತೆರಿಗೆ ರಿಟರ್ನ್ ಕುರಿತ ಸಂದೇಶಗಳಿಗೆ, ಅದರ ಗಡುವು ಸೆಪ್ಟೆಂಬರ್ 15ರವರೆಗೆ ಇರುವುದರಿಂದ, ಗುರುವಾರ ಉತ್ತರಿಸಲಾಗುವುದು ಎಂಬ ಒಂದು ಸಾಲು ಸದ್ಯಕ್ಕೆ ಸಾಕು.

ಮಳೆ ಬಿಟ್ಟಿಲ್ಲ. ಡೊಂಬಿವಲಿ, ಕಲ್ಯಾಣ ಕಡೆಯವರು ಲೋಕಲ್ ನಿಂತರೆ ಮನೆಯಿಂದಲೇ ಹೋಟೆಲುಗಳ ಕಡತಗಳನ್ನು ತೆರೆಯಲಿ. ವ್ಯಾಪಾರಿಗಳ ಬಿಲ್ ಪುಸ್ತಕಗಳು ಕಚೇರಿಯಲ್ಲಿಯೇ ಇರುವುದರಿಂದ ಆ ಕೆಲಸಕ್ಕೆ ಹತ್ತಿರದಲ್ಲಿರುವ ನಾನೇ ಬೆಳಿಗ್ಗೆ ಎಂಟಕ್ಕೆ ಬಂದಿರುತ್ತೇನೆ.